ರಾತ್ರಿ ಮೂರು ಬಾಟಲಿ ಎನರ್ಜಿ ಡ್ರಿಂಕ್, ಬೆಳಗ್ಗೆ ಪೇಪರ್ ನೋಡಿದರೆ ತಲೆ ಖಾಲಿ

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, 5ನೇ ಸೆಮಿಸ್ಟರ್): ಮೇಡಂ, ಹಾಸ್ಟೆಲಲ್ಲಿದ್ದೀನಿ, ಎಕ್ಸಾಂ ನಡೀತಿದೆ. ರಾತ್ರಿ 9ಕ್ಕೆ ಒಂದು, ಹನ್ನೊಂದೂವರೆಗೆ ಒಂದು, 2 ಗಂಟೆಗೆ ಇನ್ನೊಂದು, ಹೀಗೆ 250 ಎಂಎಲ್‌ನ ಮೂರು ಎನರ್ಜಿ ಡ್ರಿಂಕ್ ಕುಡಿದು ಓದ್ತೀನಿ. ನಾಲ್ಕಕ್ಕೆ ಮಲಗಿದ್ರೆ ಎದೆ ಡವಡವ, ಕಣ್ಣು ಮುಚ್ಚಿದ್ರೂ ನಿದ್ದೆ ಇಲ್ಲ. ಮೊನ್ನೆ ಒಂಬತ್ತೂವರೆ ಪೇಪರ್‌ನಲ್ಲಿ ಕೈ ನಡುಗಿ ಡಯಾಗ್ರಾಂ ಗೆರೆನೇ ಸೊಟ್ಟ ಆಯ್ತು, ಓದಿದ್ದೇ ನೆನಪಾಗಲಿಲ್ಲ. ಲೇಬಲ್ ಮೇಲೆ 100 ಎಂಎಲ್‌ಗೆ ಕೆಫೀನ್ 30 ಮಿ.ಗ್ರಾಂ, ಸಕ್ಕರೆ 11 ಗ್ರಾಂ ಅಂತಿದೆ. ಇನ್ನೂ ಮೂರು ಪೇಪರ್ ಇದೆ, ಏನ್ ಮಾಡ್ಲಿ?

ಫೈನಲ್ ಇಯರ್ ಸೀನಿಯರ್: ಅದೆಲ್ಲ ಸಕ್ಕರೆ ಆಟ ಮಗಾ. ಮೊದಲು ಏರ್‍ತದೆ, ಆಮೇಲೆ ದೊಪ್ಪನೆ ಬೀಳ್ತದೆ. ಶುಗರ್ ಇಲ್ಲದ ಕ್ಯಾನ್ ತಗೋ, ಪ್ರಾಬ್ಲಂ ಮುಗೀತು. ನಾನು ಎರಡು ವರ್ಷದಿಂದ ಅದೇ ಕುಡಿಯೋದು.

ಒಬ್ಬ ತಾಯಿ: ನಮ್ಮ ಮಗ ಕ್ರಿಕೆಟ್ ಪ್ರಾಕ್ಟೀಸ್ ಮುಗಿಸಿ ಗ್ಲೂಕೋಸ್ ಪುಡಿ ಕಲಸಿಕೊಂಡು ಕುಡೀತಾನೆ. ಇದನ್ನ ಓದಿ ಭಯ ಆಯ್ತು. ಅದನ್ನೂ ನಿಲ್ಲಿಸಬೇಕಾ ಡಾಕ್ಟ್ರೇ?

ಡಾಕ್ಟರ್ (ಜನರಲ್ ಫಿಸಿಷಿಯನ್): ಅಮ್ಮ, ಅದು ಬೇರೆ, ಇದು ಬೇರೆ. ಗ್ಲೂಕೋಸ್ ಪುಡೀಲಿ ಸಕ್ಕರೆ ಉಂಟು, ಕೆಫೀನ್ ಇಲ್ಲ. ಇಲ್ಲಿ ಮಾತಾಡ್ತಿರೋದು ನಿದ್ದೆ ಓಡಿಸೋ ಪಾನೀಯದ ಬಗ್ಗೆ. ನಿಮ್ಮ ಹುಡುಗ ಬೆವರು ಸುರಿಸಿ ಬಂದಾಗ ನೀರು, ಮಜ್ಜಿಗೆ ಸಾಕು. ಪುಡಿ ಯಾವಾಗಲೋ ಒಮ್ಮೆ ಕುಡಿದ್ರೆ ತೊಂದರೆ ಇಲ್ಲ.

ಇನ್ನು ನಿನ್ನ ಲೆಕ್ಕ ನೋಡಪ್ಪ. ಒಂದು ಬಾಟಲಿಗೆ 75 ಮಿ.ಗ್ರಾಂ ಕೆಫೀನ್. ನಮ್ಮ ದೇಶದ ಕಾನೂನು ಲೀಟರಿಗೆ 300 ಮಿ.ಗ್ರಾಂ ಮೀರಬಾರದು ಅನ್ನುತ್ತೆ, ನಿನ್ನ ಬಾಟಲಿ ಸರಿಯಾಗಿ ಆ ಗೆರೆ ಮೇಲೇ ಇದೆ. ಮೂರು ಸೇರಿ 225. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400ರ ತನಕ ಪರವಾಗಿಲ್ಲ ಅಂತಾರೆ. ಹಾಗಾಗಿ ಒಟ್ಟು ಎಷ್ಟು ಅನ್ನೋದಕ್ಕಿಂತ ಯಾವ ಹೊತ್ತಲ್ಲಿ ಕುಡಿದೆ ಅನ್ನೋದೇ ನಿನಗೆ ಮುಳುವಾಗಿರೋದು.

ಕುಡಿದ ಕೆಫೀನ್ ಅರ್ಧ ಇಳಿಯೋಕೆ ಸುಮಾರು ಐದು ಗಂಟೆ ಬೇಕು. ರಾತ್ರಿ ಎರಡಕ್ಕೆ ನೀನು ಮೂರನೇದು ತೆರೆದಾಗ ಮೊದಲನೇದರ ಅರ್ಧ, ಎರಡನೇದರ ಮುಕ್ಕಾಲುಪಾಲು ಹತ್ತಿರ ಇನ್ನೂ ಮೈಯಲ್ಲೇ ಇತ್ತು. ನಾಲ್ಕಕ್ಕೆ ತಲೆದಿಂಬಿಗೆ ತಲೆ ಕೊಟ್ಟಾಗ ಸುಮಾರು 125 ಮಿ.ಗ್ರಾಂ ಓಡಾಡ್ತಿದೆ, ಅಂದ್ರೆ ಒಂದೂವರೆ ಬಾಟಲಿಗಿಂತ ಜಾಸ್ತಿ ಕುಡಿದು ಆಗಷ್ಟೇ ಮಲಗಿದ ಹಾಗೆ. ನಿದ್ದೆ ಹೇಗೆ ಬರಬೇಕು? ಬೆಳಗ್ಗೆ ಹಾಲ್‌ಗೆ ಹೋಗುವಾಗಲೂ ಸುಮಾರು 60 ಉಳಿದಿರುತ್ತೆ. ನಿದ್ದೆಗೆಟ್ಟ ಮೈ, ಪರೀಕ್ಷೆಯ ಗಾಬರಿ, ಅದರ ಮೇಲೆ ಇದು. ಕೈ ನಡುಗದೆ ಇರುತ್ತಾ?

ಸೀನಿಯರ್ ಹೇಳಿದ್ದು ಅರ್ಧ ಸರಿ. ಮೂರು ಬಾಟಲೀಲಿ ಸಕ್ಕರೆ 82 ಗ್ರಾಂ ಆಯ್ತು. ಮನೇಲಿ ಯಾರಾದ್ರೂ ಕಾಫಿ ಲೋಟಕ್ಕೆ ಹದಿನಾರು ಹದಿನೇಳು ಚಮಚ ಸಕ್ಕರೆ ಸುರಿದ್ರೆ ಅಮ್ಮ ಸೌಟು ಹಿಡ್ಕೊಂಡು ಬರ್ತಾರೆ. ಇಡೀ ದಿನದ ಊಟ ತಿಂಡಿ ಸೇರಿ ಸೇರಿಸಿದ ಸಕ್ಕರೆ 50 ಗ್ರಾಂ ಮೀರದಿದ್ರೆ ಒಳ್ಳೇದು. ಶುಗರ್ ಇಲ್ಲದ ಕ್ಯಾನ್‌ನಲ್ಲಿ ಈ ಭಾಗ ಹೋಗುತ್ತೆ, ಆದ್ರೆ ಕೆಫೀನ್ ಹಾಗೇ ಇರುತ್ತೆ. ದೊಪ್ಪನೆ ಬೀಳೋದಕ್ಕೂ ಮುಖ್ಯ ಕಾರಣ ಸಕ್ಕರೆ ಅಲ್ಲ. ಎದ್ದಿರೋ ಪ್ರತಿ ಗಂಟೆಗೂ ಮಿದುಳಲ್ಲಿ ಅಡೆನೊಸಿನ್ ಅನ್ನೋ ಪದಾರ್ಥ ಸೇರ್ತಾ ಹೋಗುತ್ತೆ, ನಿದ್ದೆ ಬರಿಸೋದು ಅದೇ. ಕೆಫೀನ್ ಅದನ್ನ ಖಾಲಿ ಮಾಡಲ್ಲ, ಅದು ಕೂರೋ ಜಾಗದಲ್ಲಿ ತಾನು ಕೂರುತ್ತೆ, ಅಷ್ಟೆ. ಜಾಗ ಬಿಟ್ಟಾಗ ಕಾಯ್ತಿದ್ದ ನಿದ್ದೆ ಎಲ್ಲ ಒಟ್ಟಿಗೆ ಬಂದು ಮೇಲೆ ಬೀಳುತ್ತೆ.

ಓದಿದ್ದು ನೆನಪಲ್ಲಿ ಗಟ್ಟಿಯಾಗೋದೂ ನಿದ್ದೇಲೇ. ನಾಲ್ಕರ ತನಕ ತುಂಬಿಕೊಂಡೆ, ಅದು ಒಳಗೆ ಕೂರೋಕೆ ಹೊತ್ತೇ ಕೊಡಲಿಲ್ಲ.

ಉಳಿದ ಮೂರು ಪೇಪರ್‌ಗೆ ಹೀಗೆ ಮಾಡು. ರಾತ್ರಿ 12ಕ್ಕೆ ಮಲಗಿ 6ಕ್ಕೆ ಏಳೋ ಹಾಗೆ ಇಟ್ಕೋ. ಕೊನೆಯ ಕೆಫೀನ್ ಸಂಜೆ 4ಕ್ಕೆ ಮುಗೀಬೇಕು. ಆ ಹೊತ್ತಲ್ಲಿ ಒಂದು ಸಣ್ಣ ಲೋಟ ಕಾಫಿ ಕುಡಿದು, ತಕ್ಷಣ ಅಲಾರಾಂ ಇಟ್ಟು 20 ನಿಮಿಷ ಮಲಗು. ಕೆಫೀನ್ ಕೆಲಸ ಶುರು ಮಾಡೋಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಏಳುವಾಗ ಎರಡರ ಲಾಭವೂ ಸಿಗುತ್ತೆ. ನಿದ್ದೆ ಹತ್ತದಿದ್ರೂ ಸುಮ್ನೆ ಕಣ್ಣು ಮುಚ್ಕೊಂಡಿರು. ಮುಕ್ಕಾಲು ಗಂಟೆ ಮಲಗಿಬಿಟ್ಟೆಯೋ, ಮಂಕು ಹಿಡಿದು ಏಳ್ತೀಯ. ರಾತ್ರಿ ಹತ್ತಕ್ಕೆ ತೂಕಡಿಕೆ ಬಂದ್ರೆ ಎದ್ದು ಕಾರಿಡಾರಲ್ಲಿ ಹತ್ತು ನಿಮಿಷ ಓಡಾಡಿಕೊಂಡು ಓದು. ಮೆಸ್ಸಲ್ಲಿ ಎರಡನೇ ಸಲ ಅನ್ನ ಹಾಕಿಸ್ಕೋಬೇಡ.

ಎದೆ ನೋವು, ತಲೆ ಸುತ್ತಿ ಬೀಳೋದು, ಬಡಿತ ಒಂದೊಂದು ತಪ್ಪಿ ತಪ್ಪಿ ಬರೋದು, ಇವುಗಳಲ್ಲಿ ಒಂದಾದ್ರೂ ಇದ್ರೆ ಗುಂಪಿನಲ್ಲಿ ಕೇಳ್ತಾ ಕೂರದೆ ಹೋಗಿ ಇಸಿಜಿ ಮಾಡಿಸು. ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ರೆ ಈ ಪಾನೀಯದ ಸಹವಾಸವೇ ಬೇಡ.

ಮೆಡಿಕಲ್ ಶಾಪ್ ನಡೆಸುವವರು: ಮೇಡಂ, ಒಂದು ಮಾತು ಸೇರಿಸ್ತೀನಿ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ನಡೀತಿರುವಾಗ ಕೆಫೀನ್ ಬೇಗ ಇಳಿಯೋದಿಲ್ಲ. ಉರಿಮೂತ್ರಕ್ಕೆ ಅದನ್ನ ತಗೊಂಡ ಪಿಜಿ ಹುಡುಗಿಯೊಬ್ಬಳು ದಿನದ ಹಾಗೇ ಎರಡು ಕ್ಯಾನ್ ಕುಡಿದು, ನಡುಗ್ತಾ ಅಂಗಡಿಗೆ ಬಂದಿದ್ಲು. ಮಾತ್ರೆ ಕೊಡುವಾಗ ನಾನೇ ಹೇಳಬೇಕಿತ್ತು, ಮರೆತಿದ್ದೆ.

ಡಾಕ್ಟರ್: ಸರಿಯಾಗಿ ಹೇಳಿದ್ರಿ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೂ ಇದೇ ಕಥೆ, ಇಳಿಯೋಕೆ ಹೆಚ್ಚುಕಡಿಮೆ ಎರಡರಷ್ಟು ಹೊತ್ತು.

ಸೀನಿಯರ್: ಹಾಗಾದ್ರೆ ಫಿಲ್ಟರ್ ಕಾಫಿ ಮಾತ್ರ ಪುಣ್ಯ ಮಾಡಿದೆಯಾ? ಅದರಲ್ಲೂ ಕೆಫೀನೇ ತಾನೆ? ಮತ್ತೆ ಕ್ಯಾನ್‌ನಲ್ಲಿ ಟಾರಿನ್, ಬಿ ವಿಟಮಿನ್ ಎಲ್ಲಾ ಇರುತ್ತೆ.

ಡಾಕ್ಟರ್: ಕೆಫೀನ್ ಎಲ್ಲಿದ್ರೂ ಕೆಫೀನೇ. ಆದ್ರೆ ಬಿಸಿ ಕಾಫಿ ಗುಟುಕು ಗುಟುಕಾಗಿ ಇಳಿಯುತ್ತೆ, ತಣ್ಣನೆ ಸಿಹಿ ನೀರು ಎರಡು ನಿಮಿಷದಲ್ಲಿ ಖಾಲಿ. ನಮ್ಮ ಕಡೆ ಪುಡೀಲಿ ಚಿಕೋರಿ ಬೇರೆ ಸೇರಿರುತ್ತೆ. ಚಿಕೋರೀಲಿ ಕೆಫೀನ್ ಇಲ್ಲ, 60-40 ಪುಡಿ ಅಂದ್ರೆ 40 ಪಾಲು ಬರೀ ಬಣ್ಣ, ಕಹಿ. ಬಿ ವಿಟಮಿನ್ ಕೊರತೆ ಇಲ್ಲದವನಿಗೆ ಕೊಟ್ರೆ ಮೂತ್ರಕ್ಕೆ ಹೋಗುತ್ತೆ. ಟಾರಿನ್ ಕೆಫೀನ್ ಜೊತೆ ಸೇರಿ ಹೃದಯಕ್ಕೆ ಏನಾದ್ರೂ ಮಾಡುತ್ತಾ ಅನ್ನೋದರಲ್ಲಿ ನಮ್ಮವರಲ್ಲೇ ಒಮ್ಮತ ಇಲ್ಲ.

ಸೀನಿಯರ್: ನನಗೆ ಒಂದು ದಿನ ಬಿಟ್ರೂ ತಲೆನೋವು. ದೇಹಕ್ಕೆ ಬೇಕು ಅಂತ ಅಲ್ವಾ ಅರ್ಥ?

ಡಾಕ್ಟರ್: ಅಭ್ಯಾಸ ಕೂತಿದೆ ಅಂತ ಅರ್ಥ. ಬಿಟ್ಟ ಮಾರನೇ ದಿನ ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ವಾರದೊಳಗೆ ಹೋಗುತ್ತೆ. ಒಮ್ಮೆಲೇ ಬಿಡಬೇಡ, ಎರಡು ಮೂರು ದಿನಕ್ಕೊಮ್ಮೆ ಅರ್ಧರ್ಧ ಕ್ಯಾನ್ ಇಳಿಸು.

ವಿದ್ಯಾರ್ಥಿ (ಎರಡು ದಿನದ ನಂತರ): ಮೇಡಂ, ರಾತ್ರಿಯದ್ದು ಪೂರ್ತಿ ಬಿಟ್ಟೆ. 12ಕ್ಕೆ ಮಲಗಿದೆ, ನಿದ್ದೆ ಬಂದಾಗ ಒಂದು ಗಂಟೆ ಆಗಿತ್ತು. ಇವತ್ತಿನ ಪೇಪರಲ್ಲಿ ಕೈ ನಡುಗಲಿಲ್ಲ. ಆದ್ರೆ ಒಂದು ಮಾಡ್ಯೂಲ್ ಓದೋಕೇ ಆಗಿರಲಿಲ್ಲ, 20 ಮಾರ್ಕ್ಸ್ ಹೋಯ್ತು. ತಲೆ ಸಿಡೀತಿದೆ, ಮಾತ್ರೆ ತಗೊಳ್ಲಾ?

ಡಾಕ್ಟರ್: ಬರೀ ಪ್ಯಾರಾಸಿಟಮಾಲ್ ಒಂದು ತಗೋ, ಏನಾದ್ರೂ ತಿಂದಮೇಲೆ. ನುಂಗೋ ಮುಂಚೆ ಸ್ಟ್ರಿಪ್ ಹಿಂದೆ ಓದು. ತಲೆನೋವಿಗೆ ಅಂತ ಮಾರೋ ಕೆಲವು ಮಾತ್ರೆಗಳಲ್ಲೇ ಕೆಫೀನ್ ಸೇರಿಸಿರ್ತಾರೆ.