ಪಿಡಿಎಫ್ ಅನುವಾದ: ಮೂಲದ ಸಾಲು ಕೈತಪ್ಪದ ಹಾಗೆ

ಚಿಂತಾಮಣಿ ಮೇಷ್ಟ್ರು: ಮೇಡಂ, ರೈತರ ಗುಂಪಿಗೆ ಹನಿ ನೀರಾವರಿಯ ಇಂಗ್ಲಿಷ್ ಪಿಡಿಎಫ್ ಕನ್ನಡಕ್ಕೆ ಮಾಡ್ತಿದ್ದೇನೆ. ಪುಟಕ್ಕೆ ಎರಡು ಕಾಲಂ, ಕಾಪಿ ಮಾಡಿದರೆ ಸಾಲು ಕಲಸಿಹೋಗುತ್ತೆ. ಆಸಿಡ್ ಎಚ್ಚರಿಕೆ 14ನೇ ಪುಟದಲ್ಲಿ ಶುರುವಾಗಿ 15ರಲ್ಲಿ ಮುಗಿಯುತ್ತೆ. ಕನ್ನಡದ ಯಾವ ಸಾಲು ಮೂಲದ ಯಾವುದು ಅಂತ ಆಮೇಲೆ ತೋರಿಸೋದು ಹೇಗೆ?

ಅನುವಾದಕಿ, ತುಮಕೂರು: ಮೇಷ್ಟ್ರೇ, ಆ ಎಚ್ಚರಿಕೆ ಇರೋದರಿಂದಲೇ ವಿವರವಾಗಿ ಬರೀತೀನಿ. ಬಹಳಷ್ಟು ಪಿಡಿಎಫ್‌ನಲ್ಲಿ ಪ್ಯಾರಾ ಅನ್ನೋದೇ ಇರಲ್ಲ, ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಅನ್ನೋದಷ್ಟೇ ಇರುತ್ತೆ. ಅದಕ್ಕೇ ಕಾಲಂ ಕಲಸೋದು. ಮೊದಲು Poppler ತಂತ್ರಾಂಶದ ಈ ಕಮಾಂಡ್‌ನಿಂದ ಜಾಗದ ಸಮೇತ ಪಠ್ಯ ತೆಗೆಯಿರಿ:

```
pdftotext -f 14 -l 15 -bbox-layout mula.pdf mula.html
```

ಇದರಲ್ಲಿ ಪ್ರತಿ ತುಂಡು ಪುಟದ ಎಲ್ಲಿತ್ತು ಅಂತ ಅಳತೆ ಬರುತ್ತೆ. ಪುಟ ಪಕ್ಕದಲ್ಲಿಟ್ಟುಕೊಂಡು ಆ ತುಂಡುಗಳನ್ನು ಓದೋ ಕ್ರಮದಲ್ಲಿ ಒಂದು ಪಟ್ಟಿ ಮಾಡಿ, ಕೈಯಾರೆ ನಂಬರ್ ಹಾಕಿ: 14-01, 14-02. ಪ್ರತಿಯೊಂದರ ಎದುರಿಗೆ ಅದರ ಕನ್ನಡ ಬರೆಯಿರಿ. ಪುಟದ ಸಂಖ್ಯೆ ಫೈಲ್‌ನದ್ದೇ ಇರಲಿ, ಅಚ್ಚಾದ ಸಂಖ್ಯೆ ಪಟ್ಟಿಯ ಬೇರೆ ಕಾಲಂನಲ್ಲಿ ಬರೆಯಿರಿ. ಮುನ್ನುಡಿ ಇದ್ದರೆ ಎರಡೂ ಹೊಂದಲ್ಲ.

ಈಗ ನಿಮ್ಮ ಎಚ್ಚರಿಕೆ. "ಆಸಿಡ್ಡನ್ನು ನೀರಿಗೆ ಹಾಕಿ" ಅನ್ನೋದು 14-08, "ನೀರನ್ನು ಆಸಿಡ್ಡಿಗೆ ಹಾಕಬೇಡಿ" ಅನ್ನೋದು 15-01 ಅಂದುಕೊಳ್ಳಿ. ನಡುವೆ ಅಡಿಟಿಪ್ಪಣಿ, ಪುಟದ ಸಂಖ್ಯೆ ನುಗ್ಗಿರುತ್ತೆ. ಕನ್ನಡದಲ್ಲಿ ಒಂದೇ ವಾಕ್ಯ ಮಾಡಿ, ಆದರೆ ನಂಬರ್ 14-08+15-01 ಅಂತ ಎರಡೂ ಇರಲಿ. ಬಿಟ್ಟ ತುಂಡಿನ ಸಾಲು ಅಳಿಸಬೇಡಿ, ಎದುರಿಗೆ 'ಬಿಟ್ಟಿದೆ' ಅಂತ ಬರೆಯಿರಿ. ಒಂದನ್ನು ಎರಡು ಮಾಡಿದರೆ 14-05ಎ, 14-05ಬಿ. ನಂಬರ್ ಮಾತ್ರ ಎಂದೂ ಬದಲಾಯಿಸಬೇಡಿ.

ಗುಬ್ಬಿ ಡಿಟಿಪಿ: ಅಷ್ಟೆಲ್ಲಾ ಯಾಕೆ? ವರ್ಡ್‌ನಲ್ಲಿ ತೆರೆದರೆ ಆಯ್ತು ಅಂತ ಒಂದು ಫಾರ್ವರ್ಡ್ ಬಂದಿತ್ತು.

ಅನುವಾದಕಿ: ಆ ಫಾರ್ವರ್ಡ್ ಇದು ಮೂರನೇ ಸಲ. ಒಂದೇ ಕಾಲಂ ಇದ್ದರೆ ಪರವಾಗಿಲ್ಲ. ಇಲ್ಲದಿದ್ದರೆ ಸಾಲು ಕಲಸಿ, ಪುಟ ಎಲ್ಲಿ ಮುರಿದಿತ್ತು ಅನ್ನೋ ಗುರುತೂ ಹೋಗಬಹುದು. ಆಸಿಡ್ ವಿಷಯದಲ್ಲಿ ಇಂಥ ಉಪಾಯ ಹಂಚಬೇಡಿ.

ಗುಬ್ಬಿ ಡಿಟಿಪಿ: ನಾನು ಎಷ್ಟೋ ಪುಸ್ತಕ ಹಾಗೇ ಮಾಡಿದ್ದೀನಿ.

ಮಾಲೂರು: ಮಾಡಿದ್ದೀರಿ ಸರಿ, ಸಾಲು ಬಿಟ್ಟುಹೋಗಿದೆಯಾ ಅಂತ ಯಾರು ನೋಡಿದ್ರು?

ಗುಬ್ಬಿ ಡಿಟಿಪಿ: ನಿಮ್ಮನ್ನ ಯಾರೂ ಕೇಳಿಲ್ಲ.

ಶಿರಾ: ನನ್ನದು ಕನ್ನಡದ ಹಳೇ ಪಿಡಿಎಫ್, ಕಾಪಿ ಮಾಡಿದರೆ PÀ£ÀßqÀ ಅಂತ ಬರುತ್ತೆ. ವೈರಸ್ಸಾ?

ಅನುವಾದಕಿ: ಅಲ್ಲ. ನುಡಿ ಫಾಂಟ್. ಮೊದಲು ಯೂನಿಕೋಡ್‌ಗೆ ಬದಲಾಯಿಸಿ.

ಮುಳಬಾಗಿಲು: ತೆಲುಗು ಪಿಡಿಎಫ್‌ಗೂ ಇದೇ ಕ್ರಮನಾ?

ಪಾವಗಡ: ಸ್ಕ್ಯಾನ್ ಮಾಡಿದ ಪುಟಕ್ಕೆ ಆ ಕಮಾಂಡ್ ನಡೆಯುತ್ತಾ?

ಅನುವಾದಕಿ: ಇಲ್ಲ. ಅದು ಚಿತ್ರ. ಮೊದಲು ಓಸಿಆರ್ ಮಾಡಿ, ಅಂಕಿಗಳನ್ನು ಕಣ್ಣಲ್ಲೇ ತಾಳೆ ನೋಡಿ.

ಮಧುಗಿರಿ: ಸ್ಕ್ಯಾನ್ ಪಿಡಿಎಫ್‌ಗೆ ಏನು ಮಾಡಬೇಕು?

ಅನುವಾದಕಿ: ಮೇಲೆ ಓದಿ.

ಚಿಂತಾಮಣಿ ಮೇಷ್ಟ್ರು: ಮೇಡಂ, ಪಟ್ಟಿ ಮಾಡಿದೆ. 14-07ರ ಎದುರು ಕನ್ನಡ ಖಾಲಿ. ಚಿತ್ರದ ಕೆಳಗಿನ ಸಾಲು, ಗ್ಲೌಸ್ ಕನ್ನಡಕ ಹಾಕಿಕೊಳ್ಳಿ ಅಂತಿದೆ. ಕಾಪಿ ಮಾಡುವಾಗ ಬಂದೇ ಇರಲಿಲ್ಲ.

ಅನುವಾದಕಿ: ಅದು ತುಂಬೋವರೆಗೆ ಪ್ರಿಂಟ್‌ಗೆ ಕೊಡಬೇಡಿ. ಮಿಕ್ಕ ಚಿತ್ರಗಳ ಕೆಳಗೂ ಹೀಗೇ ನೋಡಿ.