ಸೋಲಾರ್ ಆರ್ಕ್ ಡೈರೆಕ್ಷನ್: ‘ದಶೆ’ ಅನ್ನಬಹುದೇ?

ನಮಸ್ಕಾರ. ಪಾಶ್ಚಾತ್ಯ ಜ್ಯೋತಿಷದ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸೋಲಾರ್ ಆರ್ಕ್ ಡೈರೆಕ್ಷನ್’ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಮೂವತ್ತನೇ ವಯಸ್ಸಿನ ಲೆಕ್ಕ ಬೇಕೆಂದರೆ, ಹುಟ್ಟಿದ ಮೂವತ್ತನೇ ದಿನಕ್ಕೆ ಸೂರ್ಯ ಎಷ್ಟು ಸರಿದಿದ್ದ ನೋಡಬೇಕು. ಜಾತಕದ ಎಲ್ಲವನ್ನೂ ಅಷ್ಟೇ ದೂರ ಸರಿಸಬೇಕು. ಆರ್ಕ್‌ಗೆ ಶಾಲೆಯ ಗಣಿತದ ‘ಕಂಸ’ ಇದೆ. ಡೈರೆಕ್ಷನ್‌ಗೆ ‘ದಶೆ’ ಅನ್ನಲಾ? ಟ್ರಾನ್ಸಿಟ್‌ಗೆ ‘ಗೋಚಾರ’ ಸರಿಯೇ?

ಉತ್ತರ: ದಶೆ ಅಂತಲೇ ಹಾಕಿ ಸರ್, ಎಲ್ಲರಿಗೂ ಗೊತ್ತಾಗುತ್ತೆ. ನಮ್ಮಣ್ಣನಿಗೆ ಶನಿದಶೆ ಶುರುವಾದ ವರ್ಷವೇ ಅಂಗಡಿ ಮುಚ್ಚಬೇಕಾಯ್ತು. ಇದರಲ್ಲೂ ಶನಿಗೆ 19 ವರ್ಷವೇನಾ?

ಉತ್ತರ: ವರ್ಷಕ್ಕೆ ಒಂದು ಡಿಗ್ರಿ, ಅಷ್ಟೇ. ವಯಸ್ಸನ್ನು ಕೂಡಿಸಿದರೆ ಮುಗೀತು. ‘ವರ್ಷಾಂಶ’ ಅನ್ನಿ.

ಉತ್ತರ: ಮೇಡಂ, ಇದರಲ್ಲಿ ಯಾವ ಗ್ರಹಕ್ಕೂ ಇಷ್ಟು ವರ್ಷ ಅಂತ ಪಾಲು ಇಲ್ಲ. ಅದಕ್ಕೇ ದಶೆ ಬೇಡ. ‘ವರ್ಷಾಂಶ’ವೂ ದಾರಿ ತಪ್ಪಿಸುತ್ತದೆ. ಒಂದು ಡಿಗ್ರಿಗೆ 60 ಕಲೆ; ಸೂರ್ಯ ಜುಲೈ ಹೊತ್ತಿಗೆ ದಿನಕ್ಕೆ 57 ಕಲೆ ಸರಿಯುತ್ತಾನೆ, ಜನವರಿಯಲ್ಲಿ 61.

ಬ್ರಿಟನ್ನಿನ ರಾಜಕುಮಾರಿ ಡಯಾನಾ ಜಾತಕ ನೋಡಿ. ಹುಟ್ಟಿದ್ದು 1961 ಜುಲೈ 1, ಸಂಜೆ 7.45, ಸ್ಯಾಂಡ್ರಿಂಗಮ್. ಸಾಯನ ಲೆಕ್ಕದಲ್ಲಿ ದಶಮದ ಬಿಂದು ತುಲಾ 23 ಡಿಗ್ರಿ, ಯುರೇನಸ್ ಸಿಂಹ 23 ಡಿಗ್ರಿ ದಾಟಿತ್ತು. ಗಂಡ ಚಾರ್ಲ್ಸ್‌ನಿಂದ ಬೇರೆಯಾಗುವ ಸುದ್ದಿ 1992 ಡಿಸೆಂಬರ್ 9ರಂದು ಪಾರ್ಲಿಮೆಂಟಿನಲ್ಲಿ ಹೊರಬಿತ್ತು. ಆಗ ಕಂಸ ಸುಮಾರು 30 ಡಿಗ್ರಿ. ದಶಮದ ಬಿಂದು ವೃಶ್ಚಿಕ 23ಕ್ಕೆ ಬಂದು, ಯುರೇನಸ್‌ಗೆ 90 ಡಿಗ್ರಿಯಾಗಲು ಕಾಲು ಡಿಗ್ರಿಯಷ್ಟೇ ಬಾಕಿ. ಅಂದರೆ ಮೂರು ತಿಂಗಳು. ವರ್ಷಕ್ಕೊಂದು ಡಿಗ್ರಿ ಅಂತ ಕೂಡಿಸಿದ್ದರೆ ಅದೇ ಯೋಗ 1991ರ ಅಕ್ಟೋಬರಿಗೇ ಮುಗಿದುಹೋಗುತ್ತಿತ್ತು!

ಕಂಸ ಹೇಳುವುದು ಹೆಚ್ಚುಕಡಿಮೆ ಯಾವ ವರ್ಷ ಅಂತ. ತಿಂಗಳಿಗೆ ಇಳಿಸಲು ಟ್ರಾನ್ಸಿಟ್, ಅಂದರೆ ಆಕಾಶದಲ್ಲಿ ಆಗ ನಿಜವಾಗಿ ಇರುವ ಗ್ರಹ ನೋಡುತ್ತಾರೆ. ಆ ಡಿಸೆಂಬರಿನಲ್ಲಿ ಪ್ಲೂಟೊ ವೃಶ್ಚಿಕದ 24ರ ಹತ್ತಿರವಿತ್ತು. ಅದೇ ಜಾಗ, ಅದೇ ಯುರೇನಸ್‌ಗೆ 90 ಡಿಗ್ರಿ. ಎರಡೂ ಒಂದೇ ಜಾಗವನ್ನು ಮುಟ್ಟಿದರೆ ಮಾತ್ರ ನಾನು ಲೆಕ್ಕಕ್ಕೆ ತಗೊಳ್ಳುತ್ತೇನೆ. ಆದರೆ ಜನನ ಸಮಯ ನಾಲ್ಕು ನಿಮಿಷ ತಪ್ಪಿದರೂ ದಶಮದ ಬಿಂದು ಒಂದು ಡಿಗ್ರಿ ಆಚೀಚೆ ಆಗುತ್ತದೆ, ಒಂದು ವರ್ಷವೇ ಹೋಗುತ್ತದೆ. ಸಮಯ ಪಕ್ಕಾ ಇಲ್ಲದ ಜಾತಕದಲ್ಲಿ ಗ್ರಹದಿಂದ ಗ್ರಹಕ್ಕೆ ಬರುವ ಯೋಗಗಳನ್ನಷ್ಟೇ ನಂಬಿ.

ಕೇಳಿದವರು: ತುಂಬಾ ಉಪಕಾರವಾಯ್ತು. ಹಾಗಾದರೆ ‘ಸೂರ್ಯಕಂಸ ಸರಿಕೆ’ ಅನ್ನಲಾ? ನಾವಿಲ್ಲಿ ಸರಿಸುತ್ತೇವೆ, ಗ್ರಹ ತಾನೇ ಚಲಿಸುವುದಿಲ್ಲ. ‘ಚಲನೆ’ ಅಂದರೆ ಅದು ಮರೆತುಹೋಗುತ್ತದೆ, ಅಲ್ವಾ?

ಉತ್ತರ: ಸರಿಕೆ ನನಗೆ ಇಷ್ಟವಾಯ್ತು. ಗೋಚಾರಕ್ಕೆ ಮಾತ್ರ ಒಪ್ಪಲಾರೆ. ನಮ್ಮಲ್ಲಿ ಗೋಚಾರ ಅಂದ ಕೂಡಲೇ ಚಂದ್ರರಾಶಿಯಿಂದ ಎಷ್ಟನೇ ಮನೆ ಅಂತ ಎಣಿಸುತ್ತಾರೆ. ಇಲ್ಲಿ ಡಿಗ್ರಿಗೆ ಡಿಗ್ರಿ ಹೊಂದಬೇಕು. ಸದ್ಯಕ್ಕೆ ‘ಟ್ರಾನ್ಸಿಟ್’ ಅಂತಲೇ ಬಿಡಿ.

ಉತ್ತರ: ಬೇಡ ಸರ್, ಗೋಚಾರವೇ ಇರಲಿ. ಮೊದಲ ಸಲ ಬಂದಲ್ಲಿ ಒಂದು ಸಾಲು ವಿವರಿಸಿದರೆ ಓದುವವರು ಹೊಂದಿಕೊಳ್ಳುತ್ತಾರೆ.