ವಾಚ್ ಪರದೆಗೆ ಉತ್ತರ ಬರೆಯೋದು ಹೇಗೆ? ಸಹಾಯ ಬೇಕು

ಕ್ಯಾಲೆಂಡರ್ ಆ್ಯಪ್ ಒಂದರ ವಾಚ್ ಆವೃತ್ತಿಗೆ ಉತ್ತರಗಳನ್ನ ಬರೀತಿದ್ದೀನಿ. ಒಂದು ಸಲಕ್ಕೆ ಕಾಣೋದು ಎರಡೇ ಸಾಲು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದೇ ತಲೆನೋವು. "ಮೀಟಿಂಗ್ ಇದೆಯಾ?" ಅಂದ್ರೆ ಹೀಗೆ ಕಾಣುತ್ತೆ:

ಇವತ್ತು ಸಂಜೆ 5 ಗಂಟೆಗೆ
ನಿಗದಿಯಾಗಿದ್ದ ಮೀಟಿಂಗ್…

"ರದ್ದಾಗಿದೆ" ಅನ್ನೋದು ಕೆಳಗೆ ಹೋಯ್ತು! ಪರೀಕ್ಷೆ ಮಾಡಿದವರೊಬ್ಬರು ಮೀಟಿಂಗ್ ಇದೆ ಅಂತಲೇ ಓದಿಕೊಂಡ್ರು.

ಅಕ್ಷರ ಚಿಕ್ಕದು ಮಾಡಿದೆ, ಒತ್ತಕ್ಷರಗಳು ಕಲಸಿಹೋದವು. ಇಂತಿಷ್ಟೇ ಅಕ್ಷರ ಅಂತ ಎಣಿಸಿ ಕತ್ತರಿಸಿದೆ, "ನಿಗದಿಯಾಗಿದ್ದ" ಹೋಗಿ "ನಿಗದಿಯಾಗಿದ್" ಆಯ್ತು. ಈಗ ಪದಗಳ ನಡುವೆ ಮಾತ್ರ ಕತ್ತರಿಸ್ತೀನಿ. ಆಮೇಲೆ ತೀರ್ಪನ್ನೇ ಮುಂದೆ ತಂದೆ: "ರದ್ದು: ಸಂಜೆ 5ರ ಮೀಟಿಂಗ್". ಸ್ವಲ್ಪ ತಂತಿ ಭಾಷೆ ಅನಿಸಿದ್ರೂ ಎಲ್ಲರಿಗೂ ತಕ್ಷಣ ಅರ್ಥವಾಯ್ತು.

ಷರತ್ತು ಇರೋ ಉತ್ತರದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದೀನಿ. "ಮ್ಯಾನೇಜರ್ ಒಪ್ಪಿದ್ರೆ ಮಾತ್ರ ಶುಕ್ರವಾರ 3 ಗಂಟೆಗೆ ಮೀಟಿಂಗ್ ಇರುತ್ತೆ" ಅನ್ನೋದನ್ನ "ಇದೆ: ಶುಕ್ರವಾರ 3ಕ್ಕೆ" ಅಂತ ಶುರು ಮಾಡಿದ್ರೆ, ಜನ ಅಷ್ಟು ಓದಿ ಕೈ ಇಳಿಸಿಬಿಡ್ತಾರೆ. ಷರತ್ತನ್ನ ಮೊದಲು ಇಟ್ರೆ ದಿನ, ಗಂಟೆ ಎರಡೂ ಕೆಳಗೆ ಹೋಗುತ್ತೆ. "ಖಚಿತವಿಲ್ಲ:" ಅಂತ ಹಾಕಿದ್ರೆ ರದ್ದಾಗಿದೆ ಅಂದುಕೊಳ್ತಾರೆ.

ಇಂಥ ಉತ್ತರದ ಮೊದಲ ಸಾಲಲ್ಲಿ ಯಾವುದು ಇರಬೇಕು, ಷರತ್ತೋ ಸಮಯವೋ? ಈ ಒಂದು ವಾಕ್ಯವನ್ನ ನೀವಾದ್ರೆ ಎರಡು ಸಾಲಲ್ಲಿ ಹೇಗೆ ಬರೀತೀರಿ?